ಕುರ್ಲಾ ಭಟ್ಟಿಯ ಮೂರು ವರ್ಷ

ಎಪ್ಪತ್ತರ ದಶಕದ ನಡುವೆ ನಾನು ಮುಂಬಯಿಯ ಫೋರ್ಟಿನಲ್ಲಿದ್ದ ಒಂದು ಬಿಸ್ಕಿಟ್ ಕಂಪನಿಯ ಹೆಡ್ಡಾಫೀಸಿನಲ್ಲಿ ಕಾಸ್ಟ್ ಅಕೌಂಟೆಂಟ್. ಪರೀಕ್ಷೆ ಪಾಸಾಗಿ ವರ್ಷವಾಗಿತ್ತಷ್ಟೆ, ಲೋಕದ ತಪ್ಪನ್ನೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿಬಿಡುವ ಹುಮ್ಮಸ್ಸು. ಅಂಥವನಿಗೆ ಸಾಹೇಬರು ತಕ್ಕ ಕೆಲಸವನ್ನೇ ಕೊಟ್ಟರು. ಕುರ್ಲಾ ಫ್ಯಾಕ್ಟರಿಯಲ್ಲಿ ಮೂರು ವರ್ಷದ ಹಿಂದೆ ಬಿಸ್ಕಿಟ್ ಬೇಯಿಸುವ ಹೊಸ ಭಟ್ಟಿ ಹಾಕಿದ್ದರು. ಮಂಜೂರಾತಿ ಕೇಳುವಾಗ ಹೇಳಿದಷ್ಟು ಹಣ ಅದು ತಂದಿದೆಯೇ, ನೋಡಿ ಬಾ ಎಂದರು. ಹಾಗೆ ಹಿಂದಿರುಗಿ ನೋಡುವ ಪದ್ಧತಿ ಕಂಪನಿಯಲ್ಲಿ ಅಲ್ಲಿಯವರೆಗೆ ಇರಲೇ ಇಲ್ಲ.

ಭಟ್ಟಿ ಕೇಳಿದವರು ಅಲ್ಲಿನ ಮ್ಯಾನೇಜರು, ವಿಜಾಪುರದ ಕಡೆಯವರು. ನಾನು ಬಾಗಲಕೋಟೆಯವನೆಂದು ತಿಳಿದದ್ದೇ ತಡ, ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಗಿಟ್ಟರು. ಅವರ ನಿವೃತ್ತಿಗೆ ಎರಡು ವರ್ಷವಿತ್ತು. ಹೋಗುವ ಮೊದಲು ಒಂದೇ ಆಸೆ: ಸೋರುವ ತಗಡಿನ ಶೆಡ್ಡು ಕೆಡವಿ ಪ್ಯಾಕಿಂಗಿಗೆ ಗಟ್ಟಿ ಕಟ್ಟಡ ಎಬ್ಬಿಸಬೇಕು. ಪ್ಯಾಕಿಂಗಿನ ಹೆಂಗಸರು ಮಳೆಗಾಲದುದ್ದಕ್ಕೂ ನೀರಿನಲ್ಲಿ ನಿಂತೇ ಡಬ್ಬ ತುಂಬುತ್ತಿದ್ದರು. ಬರುವ ವರ್ಷ ಕಾಲು ಒಣಗಿರುತ್ತದೆ ಎಂದು ಇವರು ಅವರಿಗೆ ಮಾತೂ ಕೊಟ್ಟುಬಿಟ್ಟಿದ್ದರು.

ನಾನು ಲೆಕ್ಕಕ್ಕೆ ಕೂತೆ. ಭಟ್ಟಿಗೆ ಹನ್ನೆರಡು ಲಕ್ಷ, ವರ್ಷಕ್ಕೆ ನಾಲ್ಕು ಲಕ್ಷ ವಾಪಸು, ಮೂರೇ ವರ್ಷದಲ್ಲಿ ಅಸಲು ಕೈಗೆ ಎಂದು ಅರ್ಜಿಯಲ್ಲಿತ್ತು. ನಾನು ಕಂಡದ್ದು ಬರೀ ನಷ್ಟ! ಜಂಬದಿಂದ ತೋರಿಸಿದೆ. ಮ್ಯಾನೇಜರು ಕನ್ನಡಕ ಏರಿಸಿ ಒಂದೇ ಸಾಲಿಗೆ ಬೆರಳಿಟ್ಟರು.

"ಏನಪಾ, ಸವಕಳಿ ಕಳದೀಯಲ್ಲ? ಅದೇನು ನಗದು ಕೊಟ್ಟು ಹೋಗೂದೇನು? ಅರ್ಜಿ ರೊಕ್ಕದ್ದು, ನೀ ಲಾಭ ಹಿಡಕೊಂಡು ಕುಂತೀದಿ."

ಮಣ್ಣು ತಿಂದಂತಾಯಿತು. ಸವಕಳಿ ಎಂದರೆ ಯಂತ್ರ ಸವೆಯುವುದಕ್ಕೆ ಪುಸ್ತಕದಲ್ಲಷ್ಟೇ ಕಳೆಯುವ ಮೊತ್ತ; ನಗದನ್ನು ನಗದಿನೊಡನೆಯೇ ಹೋಲಿಸಬೇಕು ಎಂಬ ಮೊದಲ ಪಾಠವನ್ನೇ ಮರೆತು ಕುಳಿತಿದ್ದೆ. ಮತ್ತೆ ಮಾಡಿದೆ. ಭಟ್ಟಿಗೆ ತಗುಲಿದ್ದು ಹದಿನಾಲ್ಕು ಲಕ್ಷ. ಹೆಚ್ಚಿನ ಮಾಲೆಂದರೆ ಹೆಚ್ಚು ಹಿಟ್ಟು, ಡಬ್ಬ, ಅಂಗಡಿಯವರಿಗೆ ಸಾಲ. ಅದಕ್ಕೆ ಸಿಕ್ಕಿಬಿದ್ದ ಒಂದೂವರೆ ಲಕ್ಷ ಅರ್ಜಿಯಲ್ಲಿ ಇರಲೇ ಇಲ್ಲ. ಮೊದಲ ತಿಂಗಳಿಂದಲೇ ಮೂರು ಪಾಳಿ ಎಂದಿದ್ದರು, ಮೂರನೆಯ ಪಾಳಿ ಶುರುವಾದದ್ದು ಎಂಟು ತಿಂಗಳಿಗೆ. ಹಳೆ ಭಟ್ಟಿಯ ಆರ್ಡರು ಹೊಸದಕ್ಕೆ ಸರಿದರೂ ಅದನ್ನೆಲ್ಲ ಹೊಸ ಮಾರಾಟವೆಂದೇ ಎಣಿಸಿದ್ದರು. ಹನ್ನೆರಡು ಲಕ್ಷ ಬರಬೇಕಾದಲ್ಲಿ ಬಂದದ್ದು ಏಳು. ಕೊರತೆಯ ಐದರಲ್ಲಿ ಒಂದೂವರೆ ಲಕ್ಷ, ದಿಢೀರನೆ ಏರಿದ, ಭಟ್ಟಿ ಉರಿಸುವ ಎಣ್ಣೆಯ ದರದ್ದು. ಅದು ಯಾರ ಅಂದಾಜಿಗೂ ಸಿಗುವಂಥದ್ದಲ್ಲ, ಬೇರೆ ತೆಗೆದಿಟ್ಟೆ. ಉಳಿದ ಮೂರೂವರೆ ಲಕ್ಷ ಬರೀ ಆಸೆಯ ಲೆಕ್ಕ. ಈಗಿನ ಹಾಗೆಯೇ ವರ್ಷಕ್ಕೆ ಮೂರು ಲಕ್ಷ ಬಂದರೆ ಅಸಲು ಮರಳಲು ಒಟ್ಟು ಹತ್ತಿರ ಹತ್ತಿರ ಆರು ವರ್ಷ.

ಇವರೊಬ್ಬರೇ ಹೀಗೋ ಎಂದು ಹೆಡ್ಡಾಫೀಸಿನ ಕಪಾಟಿನಿಂದ ಹಳೆ ಅರ್ಜಿಗಳನ್ನು ಇಳಿಸಿದೆ. ನಗು ತಡೆಯಲಾಗಲಿಲ್ಲ. ಟ್ರಕ್ಕಿರಲಿ, ಬಾಯ್ಲರಿರಲಿ, ಎಲ್ಲದರ ಹಣವೂ ಎರಡು ವರ್ಷ ಹತ್ತು ತಿಂಗಳಿಗೋ, ಹನ್ನೊಂದು ತಿಂಗಳಿಗೋ ಮರಳುತ್ತಿತ್ತು. ಮೂರು ವರ್ಷ ದಾಟಿದರೆ ಮಂಜೂರಿಲ್ಲ ಎಂಬುದು ಕಂಪನಿಯ ನಿಯಮ. ಎಲ್ಲರೂ ಉತ್ತರ ಮೊದಲು ಬರೆದು ಅಲ್ಲಿಂದ ಲೆಕ್ಕಕ್ಕೆ ಇಳಿಯುತ್ತಿದ್ದರು.

ನೀವೂ ಹಾಗೇ ಬರೆದಿರೇನು ಎಂದು ಮ್ಯಾನೇಜರನ್ನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ.

"ಸುಳ್ಳು ಬರದಿಲ್ಲ ತಮ್ಮಾ. ಬರಿಯೂ ಮುಂದ ಎಲ್ಲಾ ಖರೇನ ಅನಸತಿತ್ತು."

ಆ ಮಾತಿಗೆ ನನ್ನ ಕೆಂಪು ಪೆನ್ಸಿಲ್ಲು ಸ್ವಲ್ಪ ಮೆತ್ತಗಾಯಿತು. ಆದರೂ ಬುದ್ಧಿ ಹೇಳುವ ಚಪಲ ಎಲ್ಲಿ ಬಿಡುತ್ತದೆ? ಕಟ್ಟಡದ ಅರ್ಜಿಯಲ್ಲಾದರೂ ಇದ್ದದ್ದನ್ನೇ ಬರೆಯಿರಿ, ಭಟ್ಟಿಯ ಅನುಭವದಿಂದ ತಿದ್ದಿಕೊಳ್ಳಿ, ಸಾಹೇಬರು ಮೆಚ್ಚಿ ಮೂರು ವರ್ಷದ ನಿಯಮವನ್ನೂ ಸಡಿಲಿಸುತ್ತಾರೆ ಎಂದು ಭಾಷಣ ಬಿಗಿದೆ. ಅವರು ನಂಬಿದರು. ಇಬ್ಬರೂ ಕೂತು ಬರೆದೆವು. ತೇವಕ್ಕೆ ಹಾಳಾಗುವ ಬಿಸ್ಕಿಟ್ ಎಷ್ಟು ಉಳಿದೀತು, ಕಟ್ಟಲು ಎಷ್ಟು ತಡವಾದೀತು, ಎಲ್ಲ ಜಗ್ಗಾಡಿ ತೂಗಿದಾಗ ಬಂದದ್ದು ನಾಲ್ಕೂವರೆ ವರ್ಷ. ಹೆಮ್ಮೆಯಿಂದ ನಾನೇ ಒಯ್ದು ಕೊಟ್ಟೆ.

ಸಾಹೇಬರು ನನ್ನ ಭಟ್ಟಿ ವರದಿಯನ್ನು ಬಾಯ್ತುಂಬ ಹೊಗಳಿದರು. ಆಮೇಲೆ ಕಟ್ಟಡದ ಅರ್ಜಿಯನ್ನು ಬದಿಗೆ ಸರಿಸಿ, ಇನ್ನೊಂದು ಫ್ಯಾಕ್ಟರಿಯವರು ಕೇಳಿದ್ದ ಮಷೀನಿಗೆ ಸಹಿ ಹಾಕಿದರು. ಅದರಲ್ಲಿದ್ದದ್ದು ಎರಡು ವರ್ಷ ಹನ್ನೊಂದು ತಿಂಗಳು. ನಾನು ಎಗರಾಡಿದೆ: ಸರ್, ಅದೂ ಭಟ್ಟಿಯ ಹಾಗೇ, ಮೊದಲು ಅದನ್ನೂ ತಿದ್ದಿ ನೋಡಿ. ಅವರು ಸಮಾಧಾನವಾಗಿ, ಅದನ್ನೂ ನೀನೇ ತನಿಖೆ ಮಾಡುವೆಯಂತೆ, ಮೂರು ವರ್ಷ ಹೋಗಲಿ ಎಂದರು.

ಸುದ್ದಿ ಹೇಳಲು ಕುರ್ಲಾಕ್ಕೆ ಹೋದಾಗ ಮಳೆ ಹಿಡಿದಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಮ್ಯಾನೇಜರು ಪೂರ್ತಿ ಕೇಳಿದರು.

"ಈ ಸಲ ನಮ್ಮ ಲೆಕ್ಕದಾಗ ತಪ್ಪೇನರ ಇತ್ತೇನು?"

ಒಂದೂ ಇರಲಿಲ್ಲ ಎಂದೆ.

"ಹಂಗಾರ ಒಳಗ ಹೋಗಿ ಆ ಹೆಣ್ಣಮಕ್ಕಳಿಗೆ ನೀನ ಹೇಳಿ ಬಾ."

ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಶೆಡ್ಡಿನ ನೀರಿಗೆ ಇಳಿದೆ. ನಾಲ್ಕು ಭಾಷೆ ಬರುತ್ತಿದ್ದವು, ಮರಾಠಿಯಲ್ಲಿ ಶುರು ಮಾಡಿದೆ: ಬರುವ ವರ್ಷವೂ ಕಾಲು ಒಣಗುವುದಿಲ್ಲ.