ನಲವತ್ಮೂರು, ಬಹುಶಃ

ನಿವೃತ್ತಿಯಾದ ಮೇಲೆ ನಂಜನಗೂಡಿನ ನಮ್ಮ ಮನೆಗೆ ಕೆಲಸದ ಮೇಲೆ ಬರುವವರೆಲ್ಲ ಮೊಬೈಲು ಹಿಡಿದುಕೊಂಡೇ ಬರುತ್ತಾರೆ. ಮೊದಲು ನೀರಾದರೂ ಕುಡಿಯಿರಿ ಅನ್ನುವಷ್ಟರಲ್ಲಿ ಫೋಟೋ ನನ್ನ ಮೂಗಿನ ಮುಂದಿರುತ್ತದೆ. ಹಳೆಯ ಶ್ಯಾನುಭೋಗರು ಲೇಖನಿ ಎತ್ತದೆ ಒಂದಕ್ಕೊಂದು ಕೂಡಿಸಿ ಗೀಚಿದ ಮೋಡಿ ಅಕ್ಷರ. ಈ ಕಡೆ ಅದನ್ನು ಓದುವವರು ಕಡಿಮೆಯಾಗಿದ್ದಾರೆ. ನಾನು ಓದುತ್ತೇನೆ. ಓದಿ, ವಕೀಲರಿಗೆ ಬೇಕಾದಾಗ ಇಂಗ್ಲಿಷಿಗೆ ಅನುವಾದಿಸಿ ಸಹಿ ಹಾಕಿ ಕೊಡುತ್ತೇನೆ. ಮೂವತ್ತು ವರ್ಷಕ್ಕೂ ಮೇಲೆ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿ ದೂಳು ಕುಡಿದವಳು ನಾನು. ಆ ವಿದ್ಯೆಯ ಬಗ್ಗೆ ನನಗೆ ಜಂಬವಿತ್ತು, ಮುಚ್ಚಿಡುವುದೇಕೆ.

ಆದರೆ ಫೋಟೋದಿಂದ ಓದುವುದು ಬೇರೆ, ಪುಸ್ತಕದಿಂದ ಓದುವುದು ಬೇರೆ. ಪುಸ್ತಕ ಕೈಯಲ್ಲಿದ್ದರೆ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಬಹುದು. ಕಪ್ಪಗೆ ಕಾಣುವುದು ಮಸಿಯೋ ಕೊಳೆಯೋ ತಿಳಿಯುತ್ತದೆ. ಹಿಂಬದಿಯಲ್ಲಿ ಬೆರಳಾಡಿಸಿದರೆ ನಿಬ್ಬು ಒತ್ತಿದ ಗುರುತು ಸಿಗುತ್ತದೆ. ಫೋಟೋದಲ್ಲಿ ಮಡಿಕೆಯೂ ಗೆರೆಯೇ, ನೆರಳೂ ಗೆರೆಯೇ. ಅದಕ್ಕೇ ಫೋಟೋ ನೋಡಿ ಅನುವಾದಿಸುವಾಗ ನಾನು ಒಂದು ಕಟ್ಟುಪಾಡು ಮಾಡಿಕೊಂಡಿದ್ದೆ. ಅನುಮಾನವಿದ್ದ ಪ್ರತಿ ಅಕ್ಷರದ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಕೆಳಗೆ ಟಿಪ್ಪಣಿಯಲ್ಲಿ ಮೂರರಲ್ಲೊಂದು ಮಾತು: ಖಚಿತ, ಬಹುಶಃ, ಹೇಳಲಾರೆ. ಯಾಕೆ ಅನ್ನುವುದಕ್ಕೆ ಕಾರಣ. ಜೊತೆಗೆ ‘ಫೋಟೋದಿಂದ ಓದಿದ್ದು, ಮೂಲ ನೋಡಿಲ್ಲ’ ಎಂಬ ಸಾಲು.

ಹೋದ ವರ್ಷ ಕೋರ್ಟಿನ ಹತ್ತಿರ ಆಫೀಸಿಟ್ಟುಕೊಂಡಿರುವ ಒಬ್ಬ ಯುವ ವಕೀಲರು ಫೋನು ಮಾಡಿದರು. ನರಸೀಪುರದ ಕಡೆಯ ಒಂದು ಊರಿನ ಕೇರಿಯ ಸ್ಮಶಾನದ ಕೇಸು. ಕೇರಿಯವರು ತಲೆತಲಾಂತರದಿಂದ ನಾಲೆ ಪಕ್ಕದ ಜಾಗದಲ್ಲಿ ಹೂಳುತ್ತಿದ್ದರು. ಅದು ಸರ್ವೆ ನಂಬರ್ ನಲವತ್ಮೂರು. ಪಕ್ಕದ ಜಮೀನಿನವರು ಅದು ತಮ್ಮದೆಂದು ತಂತಿಬೇಲಿ ಹಾಕಿಸಿದರು. ಸರ್ಕಾರಿ ದಾಖಲೆ ಪ್ರಕಾರ ಕೇರಿಯ ಸ್ಮಶಾನ ನಲವತ್ತಾರರಲ್ಲಿದೆ, ಅಲ್ಲಿಗೆ ಹೋಗಿ ಅಂದರು. ನಲವತ್ತಾರು ಅಂದರೆ ಊರಾಚೆಯ ಬಂಡೆ. ಗುದ್ದಲಿ ಇಳಿಯದ ಜಾಗ. ನರಸೀಪುರದ ಕೋರ್ಟಿನಲ್ಲೂ ನಂಜನಗೂಡಿನ ಅಪೀಲಿನಲ್ಲೂ ಕೇರಿಯವರು ಸೋತಿದ್ದರು. ಇನ್ನು ಉಳಿದಿದ್ದು ಬೆಂಗಳೂರಿನ ಹೈಕೋರ್ಟು.

ಅವರ ಕೈಯಲ್ಲಿದ್ದದ್ದು ಒಂದೇ ಫೋಟೋ. ಹಳೆಯ ಗ್ರಾಮಲೆಕ್ಕದ ಪುಸ್ತಕದ ಒಂದು ಪುಟ. ಕೇರಿಯವರೊಬ್ಬರು ಅರ್ಜಿ ಕೊಟ್ಟು ಆ ಪುಸ್ತಕ ನೋಡಲು ಹೋದಾಗ ಮೊಬೈಲಿನಲ್ಲಿ ತೆಗೆದದ್ದು. ಆಮೇಲೆ ಪುಸ್ತಕ ಮುಟ್ಟಿದರೆ ಉದುರುವ ಸ್ಥಿತಿಗೆ ಬಂದು, ಶಿಥಿಲವಾಗಿದೆ, ಒದಗಿಸಲಾಗದು ಎಂದು ಕಚೇರಿಯವರು ಹಿಂಬರಹ ಕೊಟ್ಟಿದ್ದರು.

ವಕೀಲರ ಜೊತೆ ನಮ್ಮ ಮನೆಗೆ ಒಬ್ಬ ಹೆಂಗಸೂ ಬಂದಿದ್ದರು. ಎಪ್ಪತ್ತರ ಆಸುಪಾಸು, ನನಗಿಂತ ಸ್ವಲ್ಪ ಹಿರಿಯರು. ಕೇಸಿನ ಅರ್ಜಿದಾರರಲ್ಲಿ ಅವರ ಹೆಸರೇ ಮೊದಲನೆಯದು. ಬೇಲಿಯ ಒಳಗೆ ಅವರ ಮಗಳಿದ್ದಾಳೆ. ಒಬ್ಬಳೇ ಮಗಳು, ಚೊಚ್ಚಲ ಹೆರಿಗೆಯಲ್ಲಿ ಹೋದವಳು. ಬೇಲಿ ಬಿದ್ದಾಗಿನಿಂದ ಆ ತಾಯಿ ಮಗಳ ಸಮಾಧಿಯ ಬಳಿಗೆ ಹೋಗಿರಲಿಲ್ಲ. ಅಲ್ಲಿ ಟ್ರ್ಯಾಕ್ಟರ್ ಹೊಡೆಸುತ್ತಾರೆ ಅನ್ನುವ ಮಾತು ಊರಿನಲ್ಲಿ ಹಬ್ಬಿತ್ತು.

ಮೂರು ದಿನ ಆ ಫೋಟೋ ಹಿಡಿದು ಕೂತೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು, ಒಂದು ಮೂಲೆಯಲ್ಲಿ ಯಾರದೋ ಹೆಬ್ಬೆರಳು. ಅಂಚಿನಲ್ಲಿ ಶ್ಯಾನುಭೋಗರ ಷರಾ: ‘ಕೇರಿಯ ಜನ ಹೆಣ ಹೂಳುವ ಜಾಗ, ಹಿಂದಿನಿಂದಲೂ ರೂಢಿ, ಸ.ನಂ.’ ಅಲ್ಲಿಯವರೆಗೆ ಖಚಿತ. ಆಮೇಲೆ ಎರಡು ಅಂಕಿ. ಮೊದಲನೆಯದು ೪, ಅದೂ ಖಚಿತ. ಎರಡನೆಯದು ೩ ಅಥವಾ ೬. ಮೋಡಿಯಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಕೊನೆಯ ಬಾಲವೊಂದೇ. ಹಾಳೆಯ ಮಡಿಕೆ ಸರಿಯಾಗಿ ಆ ಬಾಲದ ಮೇಲೆಯೇ ಹಾದಿತ್ತು.

ಅದೇ ಪುಟದಲ್ಲಿ ಅದೇ ಕೈಯ ಬೇರೆ ೩, ೬ ಎಲ್ಲೆಲ್ಲಿವೆ ಎಂದು ಹುಡುಕಿ, ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ಆ ಮನುಷ್ಯ ೬ ಬರೆಯುವಾಗ ಬಾಲವನ್ನು ಉದ್ದಕ್ಕೆ ಎಳೆಯುತ್ತಿದ್ದ. ಇಲ್ಲಿ ಅಷ್ಟು ಉದ್ದ ಕಾಣಲಿಲ್ಲ. ಆದರೆ ಅವಸರದಲ್ಲಿ ಗಿಡ್ಡವಾಗಿ ಎಳೆದ ಒಂದು ೬ ಕೂಡ ಅದೇ ಪುಟದಲ್ಲಿತ್ತು. ‘೪೩ (?). ಎರಡನೆಯ ಅಂಕಿ ಬಹುಶಃ ೩. ೬ ಇರಬಹುದು ಎಂಬುದನ್ನು ತಳ್ಳಿಹಾಕಲಾರೆ’ ಎಂದು ಇಂಗ್ಲಿಷಿನಲ್ಲಿ ಬರೆದು, ಕಾರಣ ಸೇರಿಸಿ, ವಕೀಲರ ಆಫೀಸಿಗೆ ನಾನೇ ತೆಗೆದುಕೊಂಡು ಹೋದೆ.

ಆ ಹೆಂಗಸು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಹಾಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಇಂಗ್ಲಿಷು ಬರದಿದ್ದರೂ ಆ ಚಿಹ್ನೆ ಕಣ್ಣಿಗೆ ಬಿತ್ತು.

“ಇದೇನವ್ವಾ ಇಲ್ಲಿ, ಕೊಕ್ಕೆ ಇದ್ದಂಗೈತೆ?”

“ಅಲ್ಲಿ ಅನುಮಾನ ಇದೆ ಅಂತ ಅಕ್ಕಾ. ನಲವತ್ಮೂರೇ ಇರಬೇಕು ಅನ್ಸುತ್ತೆ. ಆದ್ರೆ ಗಟ್ಟಿಯಾಗಿ ಹೇಳೋಕಾಗಲ್ಲ.”

“ಅಲ್ಲಿ ಮಲಗಿರೋಳು ನನ್ ಮಗಳು. ನನ್ ಕೈಯಾರೆ ಮಣ್ಣಾಕಿವ್ನಿ. ನಂಗ್ಯಾವ ಅನುಮಾನಾನೂ ಇಲ್ಲ. ಅವಳ ಮ್ಯಾಲೆ ಯಾಕವ್ವಾ ಕೊಕ್ಕೆ ಆಕ್‌ಬುಟ್ರಿ?”

ಅವರಿಗೆ ಗೊತ್ತಿರುವುದು ಬೇರೆ, ಆ ಹಾಳೆ ಹೇಳುವುದು ಬೇರೆ ಎಂದು ವಿವರಿಸಲು ಹೊರಟು ಅರ್ಧಕ್ಕೇ ನಿಲ್ಲಿಸಿದೆ. ಅವರ ಮುಖ ನೋಡಿಕೊಂಡು ಆ ಮಾತಾಡುವ ಧೈರ್ಯ ಬರಲಿಲ್ಲ. ಅವರು ಹಾಳೆಯನ್ನು ಮೇಜಿನ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.

ಅವರು ಹೋದ ಮೇಲೆ ವಕೀಲರು ಬಾಯಿ ಬಿಟ್ಟರು. “ಮೇಡಂ, ಆ ಕ್ವೆಶ್ಚನ್ ಮಾರ್ಕ್ ತೆಗೆದುಬಿಡಿ. ನೀವೇ ಬಹುಶಃ ಮೂರು ಅಂತೀರಿ. ಮೂರು ಅಂತಲೇ ಬರೆದರೆ ಸುಳ್ಳೇನೂ ಆಗಲ್ವಲ್ಲ.”

“ಬಹುಶಃ ಅನ್ನೋದನ್ನ ಕಿತ್ತುಹಾಕಿದ್ರೆ ಸುಳ್ಳೇ ಕಣ್ರೀ” ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. “ನಿಮಗೆ ಬೇಕಾದ ಹಾಗೆ ಓದೋರು ಬೇಕಿದ್ರೆ ಬೇರೆಯವರನ್ನ ನೋಡ್ಕೊಳ್ಳಿ.”

ವಕೀಲರು ಬೇಸರ ಮಾಡಿಕೊಳ್ಳಲಿಲ್ಲ. ಕಪಾಟಿನಿಂದ ಒಂದು ಕಡತ ತೆಗೆದರು. “ಎದುರು ಪಾರ್ಟಿಯವರು ಯಾವುದರ ಮೇಲೆ ಗೆದ್ದರು ಅಂತ ತೋರಿಸ್ತೀನಿ, ನೋಡಿ. ಅದೇ ಪುಟದ ಕೈಬರಹದ ದೃಢೀಕೃತ ನಕಲು. ತಾಲ್ಲೂಕು ಕಚೇರಿಯಿಂದ ಬಹಳ ಹಿಂದೆ ತೆಗೆಸಿಟ್ಟುಕೊಂಡಿದ್ದರು. ಎಷ್ಟು ಸ್ಪಷ್ಟವಾಗಿದೆ ನೋಡಿ. ಎರಡು ಕೋರ್ಟಿನಲ್ಲೂ ಜಡ್ಜು ಇದನ್ನೇ ನಂಬಿದರು.”

ಗುಂಡಗಿನ ಅಕ್ಷರ. ಸಾಲು ನೇರ. ‘ಕೇರಿಯ ಜನ ಹೆಣ ಹೂಳುವ ಜಾಗ, ಹಿಂದಿನಿಂದಲೂ ರೂಢಿ, ಸ.ನಂ. ೪೬.’ ಕೆಳಗೆ ‘ನಕಲು ಮಾಡಿದವರು’ ಎಂಬಲ್ಲಿ ಒಂದು ಚಿಕ್ಕ ಸಹಿ.

ಅಕ್ಷರ ನನ್ನದು. ಸಹಿಯೂ ನನ್ನದೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ನರಸೀಪುರದ ರೆಕಾರ್ಡ್ ರೂಮಿನಲ್ಲಿದ್ದೆ. ದಿನಕ್ಕೆ ಎಷ್ಟೋ ನಕಲು ಬರೆಯುತ್ತಿದ್ದೆ. ಆ ಪುಟ ನನಗೆ ನೆನಪಿಲ್ಲ. ಆದರೆ ಅಲ್ಲಿನ ಪದ್ಧತಿ ಚೆನ್ನಾಗಿ ನೆನಪಿದೆ. ಒಮ್ಮೆ ಒಂದು ಅಕ್ಷರ ತಿಳಿಯದೆ ಪಕ್ಕದಲ್ಲಿ ‘ಅಸ್ಪಷ್ಟ’ ಎಂದು ಬರೆದಿದ್ದೆ. ಮೇಲಿನವರು ನಕಲನ್ನು ವಾಪಸ್ಸು ಕಳಿಸಿ, “ಗೌರ್ಮೆಂಟು ಮೊಹರು ಬೀಳೋ ಕಾಗದದಲ್ಲಿ ಅಸ್ಪಷ್ಟ ಅನ್ನೋದು ಇರಬಾರದಮ್ಮ. ಒಂದು ಏನಾದರೂ ಬರಿ” ಎಂದಿದ್ದರು. ಅಂದಿನಿಂದ ನಾನು ಒಂದು ಏನಾದರೂ ಬರೆಯುತ್ತಾ ಬಂದೆ. ಎಲ್ಲರೂ ಹಾಗೆಯೇ ಬರೆಯುತ್ತಿದ್ದರು. ತಾಳೆ ನೋಡುವವರೂ ನಮ್ಮ ಅಂದವಾದ ಅಕ್ಷರವನ್ನು ನೋಡುತ್ತಿದ್ದರೇ ಹೊರತು ಮೂಲವನ್ನು ನೋಡುತ್ತಿದ್ದದ್ದು ಅಪರೂಪ. ಅನುಮಾನ ಬರೆಯುವ ಕಟ್ಟುಪಾಡು ನನಗೆ ಬಂದದ್ದು ನಿವೃತ್ತಿಯಾದ ಮೇಲೆ, ವಾಪಸ್ಸು ಕಳಿಸುವವರು ಯಾರೂ ಇಲ್ಲದ ಕಾಲದಲ್ಲಿ.

ವಕೀಲರಿಗೆ ಹೇಳಿದೆ. ಅವರು ಆ ಸಹಿಯನ್ನು ಇನ್ನೊಮ್ಮೆ ನೋಡಿ, “ಹಾಗಾದರೆ ಅದು ತಪ್ಪು ಅಂತ ಅಫಿಡವಿಟ್ ಕೊಡ್ತೀರಾ?” ಎಂದರು.

ಅದನ್ನೂ ಕೊಡಲಾರೆ ಎಂದೆ. ಆವತ್ತು ನನ್ನ ಕೈಯಲ್ಲಿ ಮೂಲ ಪುಸ್ತಕವಿತ್ತು. ಮಡಿಕೆ ಆಗ ಇತ್ತೋ ಇಲ್ಲವೋ. ಬಾಲ ಸ್ಪಷ್ಟವಾಗಿಯೇ ಕಂಡು ೬ ಎಂದು ಬರೆದೆನೋ, ಊಹೆಯಿಂದ ಬರೆದೆನೋ. ಖಂಡಿತವಾಗಿ ಹೇಳಬಲ್ಲದ್ದು ಒಂದೇ: ಊಹೆಯಾಗಿದ್ದರೂ ಆ ನಕಲು ಹೀಗೆಯೇ ಕಾಣುತ್ತಿತ್ತು. ಆ ಗುಂಡಗಿನ ೪೬ ಎಷ್ಟು ನಂಬಬೇಕಾದದ್ದು ಎಂದು ಅದನ್ನು ಬರೆದ ನನಗೇ ಗೊತ್ತಿಲ್ಲ. ಅಷ್ಟನ್ನೇ ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದುಕೊಟ್ಟೆ. ಅನುವಾದದ ಟಿಪ್ಪಣಿಗೂ ಒಂದು ಸಾಲು ಸೇರಿಸಿದೆ: ಎದುರು ಪಕ್ಷದ ನಕಲೂ ಈ ಅನುವಾದವೂ ಒಬ್ಬಳದೇ ಓದು, ಎರಡು ಬೇರೆ ಸಾಕ್ಷಿಗಳೆಂದು ಎಣಿಸಬಾರದು. ಪ್ರಶ್ನಾರ್ಥಕ ಚಿಹ್ನೆ ಇದ್ದಲ್ಲೇ ಇತ್ತು.

ಇದೆಲ್ಲ ಕಾಗದದ ಕೆಲಸ, ಮಾಡಿಬಿಡಬಹುದು. ಆ ತಾಯಿಗೆ ಹೇಳುವುದಿತ್ತು. ಎರಡು ದಿನ ಮುಂದೂಡಿದೆ. ಮೂರನೆಯ ದಿನ ನರಸೀಪುರದ ಬಸ್ಸು ಹತ್ತಿ, ಅವರ ಊರಿಗೆ ತಿರುಗುವ ಕೈಗಂಬದ ಹತ್ತಿರ ಇಳಿದು, ಕೇರಿಗೆ ನಡೆದು ಹೋದೆ. ಅವರು ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ. ಅವರ ಕೈ ಮೊರದ ಮೇಲೆಯೇ ನಿಂತಿತು.

“ನಲವತ್ತಾರು ಅಂತ ಬರ್ದೋರು ನೀವೇಯಾ?”

“ನಾನೇ ಅಕ್ಕಾ.”

“ಗೊತ್ತಿದ್ದು ಬರೆದ್ರಾ?”

“ನೆನಪಿಲ್ಲ. ಗೊತ್ತಿಲ್ಲದೆ ಬರೆದಿರಬಹುದು. ಆವತ್ತೇ ಅನುಮಾನ ಅಂತ ಹಾಕಿದ್ದಿದ್ರೆ, ಯಾರಾದ್ರೂ ಬಂದು ಜಾಗ ನೋಡ್ತಿದ್ರು. ನಿಮ್ಮನ್ನ ಕೇಳ್ತಿದ್ರು.”

ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಮೊರ ಪಕ್ಕಕ್ಕಿಟ್ಟು ಎದ್ದು, ಸೆರಗು ಕೊಡವಿಕೊಂಡರು.

“ನಂಗಲ್ಲ ಯೋಳೋದು. ಬನ್ನಿ.”

ನಾಲೆಯ ಏರಿಯ ಮೇಲೆ ಅವರು ಮುಂದೆ, ನಾನು ಹಿಂದೆ ನಡೆದೆವು. ಕಲ್ಲುಕಂಬ ನೆಟ್ಟು ಐದು ಸಾಲು ಮುಳ್ಳುತಂತಿ ಬಿಗಿದಿದ್ದರು. ಒಳಗೆ ಎದೆಯೆತ್ತರ ಹುಲ್ಲು ಬೆಳೆದಿತ್ತು. ಅವರು ಒಂದು ಕಂಬದ ಹತ್ತಿರ ನಿಂತು, ಮುಳ್ಳು ತಾಗದಂತೆ ತಂತಿ ಹಿಡಿದುಕೊಂಡು, ಮನೆಯೊಳಗಿರುವವರನ್ನು ಕರೆಯುವ ದನಿಯಲ್ಲಿ ಮಾತಾಡಿದರು.

“ಅವ್ವಾ, ಇಲ್ನೋಡು. ನೀನೆಲ್ಲಿ ಮಲಗಿದ್ದೀಯ ಅಂತ ಗೊತ್ತಿಲ್ದೆ ಬರ್ದೋರು ಇವ್ರೇ ಕಣವ್ವಾ. ನಿನ್ ತಾವ ಯೋಳ್ಬೇಕು ಅಂತ ಬಂದವ್ರೆ.”

ಆಮೇಲೆ ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತರು.