ತೊಳೆದರೆ ಹೋಗುವ ಬಣ್ಣ

ಪಂಕಜಾಕ್ಷಿ ಮುಂಬಯಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು, ಒಂದು ಬ್ಯೂಟಿ ಪಾರ್ಲರಿನಲ್ಲಿ ಆರು ವರ್ಷ ಕೆಲಸ ಕಲಿತು, ೧೯೮೩ರಲ್ಲಿ ಪುತ್ತೂರಿಗೆ ಮರಳಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದು, ಎರಡು ಕುರ್ಚಿ, ಒಂದು ನಿಲುಗನ್ನಡಿ ಇಟ್ಟು ತಾನೇ ಬೋರ್ಡು ಬರೆಸಿದಳು. ಮದುವೆ ಹೆಣ್ಣನ್ನು ಅಲಂಕರಿಸುವುದು ಮನೆಯ ಹೆಂಗಸರ ಕೆಲಸ, ಅದಕ್ಕೆ ಅಂಗಡಿ ಯಾಕೆ ಎಂದು ಊರು ಕೇಳುತ್ತಿದ್ದ ಕಾಲ ಅದು. ಹೇಳಿ ನಂಬಿಸುವುದು ಕಷ್ಟ, ತೋರಿಸಿದರೆ ನಂಬುತ್ತಾರೆ ಎಂದು ಅವಳು ತೀರ್ಮಾನಿಸಿದಳು. ಕೆಲಸಕ್ಕೆ ಮೊದಲು ಒಂದು ಫೋಟೊ, ಆದ ಮೇಲೆ ಒಂದು ಫೋಟೊ.

ಫೋಟೊ ತೆಗೆಯಲು ಎದುರು ಸಾಲಿನ ಸ್ಟುಡಿಯೋದ ಮೂಸಕುಂಞಿ ಬರುತ್ತಿದ್ದ. ಜಾಲ್ಸೂರಿನವನು, ಒಳ್ಳೆಯ ಕೈಚಳಕ ಇದ್ದವನು. ಅಭ್ಯಾಸದ ಪ್ರಕಾರ ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ, ಸುಕ್ಕು ತೆಗೆದುಬಿಡುತ್ತಿದ್ದ. ಪಂಕಜಾಕ್ಷಿ ಮೊದಲ ದಿನವೇ ಅದನ್ನು ನಿಲ್ಲಿಸಿದಳು. "ನಿಮ್ಮ ಪೆನ್ಸಿಲ್ ಮಾಡಿದ ಕೆಲಸಕ್ಕೆ ನಾನು ಹೆಸರು ತೆಗೊಳ್ಳುದಾ?" ಕುರ್ಚಿಯ ಕಾಲುಗಳಿಗೂ ಕ್ಯಾಮರಾ ಸ್ಟ್ಯಾಂಡಿಗೂ ನೆಲದಲ್ಲಿ ಪೈಂಟಿನ ಗುರುತು ಹಾಕಿಸಿದಳು. ಎರಡೂ ಫೋಟೊಕ್ಕೆ ಅದೇ ಕಿಟಕಿ, ಅದೇ ದೂರ, ಮುಖದಲ್ಲಿ ಅದೇ ಭಾವ. ಮೊದಲನೆಯದಕ್ಕೆ ಸಪ್ಪೆ ಮೋರೆ, ಎರಡನೆಯದಕ್ಕೆ ನಗು ಅಂತಿಲ್ಲ.

ಇನ್ನೊಂದು ಪದ್ಧತಿ ಅವಳದೇ ಆಗಿತ್ತು. ಉದ್ದ ಗೆರೆಯ ಒಂದು ನೋಟುಬುಕ್ಕು. ಫೋಟೊ ಅಂಗಡಿಯ ಆಲ್ಬಮಿನಲ್ಲಿ ಮಾತ್ರವೋ, ಹೊರಗೆ ಎಲ್ಲರಿಗೂ ಕಾಣುವಂತೆಯೋ, ಪೇಪರಿಗೋ, ಸಿನೆಮಾ ಟಾಕೀಸಿನ ಜಾಹೀರಾತು ಸ್ಲೈಡಿಗೋ, ಹೆಸರು ಹಾಕಬಹುದೋ, ಎಷ್ಟು ದಿನ ಎಂದು ಒಂದೊಂದನ್ನೂ ಬೇರೆ ಬೇರೆ ಕೇಳಿ, ಬಂದವರ ಭಾಷೆಯಲ್ಲೇ ಓದಿ ಹೇಳಿ, ಕೆಲಸ ಶುರುವಾಗುವ ಮೊದಲೇ ರುಜು ಹಾಕಿಸುತ್ತಿದ್ದಳು. ಬೇಡವೆಂದರೂ ಕೆಲಸ ಅಷ್ಟೇ ಚೆಂದ, ದರವೂ ಅಷ್ಟೇ. ಆಮೇಲೆ ಮನಸ್ಸು ಬದಲಾದರೆ ಫೋಟೊ ತೆಗೆದುಬಿಡುವುದು. ಇಷ್ಟು ಜಾಗ್ರತೆಗೆ ಕಾರಣ ಅವಳ ಇಪ್ಪತ್ತನೆಯ ವಯಸ್ಸಿನಲ್ಲಿತ್ತು. ಒಂದು ಸ್ಟುಡಿಯೋದವರು ಅವಳ ಚಿತ್ರವನ್ನು ಕೇಳದೆ ರಸ್ತೆ ಬದಿಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ದಾರಿಹೋಕರೆಲ್ಲ ತನ್ನ ಮುಖವನ್ನು ನಿಂತು ನೋಡುವುದನ್ನು ಅವಳು ಬಸ್ಸಿನ ಕಿಟಕಿಯಿಂದ ಕಂಡಿದ್ದಳು.

೧೯೮೬ರ ಡಿಸೆಂಬರಿನಲ್ಲಿ ಪಂಜದ ಶಾಲೆಯ ಟೀಚರ್ ದುಗ್ಗಮ್ಮ ಮಾಳಿಗೆ ಹತ್ತಿ ಬಂದರು. ಎಳವೆಯಲ್ಲಿ ಬಿಸಿ ಗಂಜಿ ಬಿದ್ದು ಕಿವಿಯಿಂದ ಕುತ್ತಿಗೆಯವರೆಗೆ ಸುಟ್ಟ ಕಲೆ. ತಮ್ಮನ ಮದುವೆಗೆ ಒಂದು ದಿನದ ಮಟ್ಟಿಗೆ ಅದನ್ನು ಮರೆಮಾಡಲು ಆಗುತ್ತದೋ ನೋಡಬೇಕಿತ್ತು. ಪಂಕಜಾಕ್ಷಿ ಮೂರು ಬಣ್ಣದ ದಪ್ಪ ಕ್ರೀಮು ಬೆರೆಸಿ, ತೆಳುವಾಗಿ ಪದರದ ಮೇಲೆ ಪದರ ತಟ್ಟಿ, ಪೌಡರ್ ಒತ್ತಿ ಕೂರಿಸಿದಳು. ಒಂದೂವರೆ ಗಂಟೆ ಹಿಡಿಯಿತು. ಕನ್ನಡಿ ನೋಡಿದ ದುಗ್ಗಮ್ಮ ಕುತ್ತಿಗೆಯನ್ನು ಆಚೆ ಈಚೆ ತಿರುಗಿಸುತ್ತಲೇ ಇದ್ದರು. ಫೋಟೊಕ್ಕೆ ಅವರು ಒಪ್ಪಿದ್ದು ಅಂಗಡಿಯ ಆಲ್ಬಮಿಗೆ ಮಾತ್ರ.

ಮರುದಿನ ಮೂಸಕುಂಞಿಯ ಕತ್ತಲೆ ಕೋಣೆಯಲ್ಲಿ, ಮದ್ದಿನ ನೀರಿನ ತಟ್ಟೆಯಲ್ಲಿ ಎರಡು ಮುಖಗಳು ಒಟ್ಟಿಗೆ ಮೂಡಿ ಬಂದಾಗ ಪಂಕಜಾಕ್ಷಿ ಬಗ್ಗಿ ಎರಡನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದಳು. ಮುಂಬಯಿಯಲ್ಲೂ ಇಂಥ ಕೆಲಸ ತನ್ನ ಕೈಯಿಂದ ಆಗಿರಲಿಲ್ಲ.

ಜನವರಿಯಲ್ಲಿ ಮಹಿಳಾ ಮಂಡಳದವರು ಎರಡು ದಿನದ ವಸ್ತುಪ್ರದರ್ಶನ ಇಟ್ಟರು. ಪಂಕಜಾಕ್ಷಿಗೂ ಒಂದು ಮಳಿಗೆ ಸಿಕ್ಕಿತು. ಹೊರಗೆ ತೋರಿಸಲು ಒಪ್ಪಿದ ಮೂರು ಮದುವೆ ಹೆಣ್ಣುಗಳ ಜೋಡಿ ಚಿತ್ರ ಅವಳಲ್ಲಿ ಇತ್ತು. ಅದರ ಹಿಂದಿನ ಗುರುವಾರ ಸಂಜೆ ಮೂಸಕುಂಞಿ ಭಾರೀ ಹುರುಪಿನಲ್ಲಿ ಒಂದು ದೊಡ್ಡ ಚೌಕಟ್ಟು ಹೊತ್ತು ತಂದ. ದುಗ್ಗಮ್ಮನ ಎರಡೂ ಚಿತ್ರ, ಒಂದೊಂದೂ ಮೊಳದುದ್ದ. ಕೆಳಗೆ ಬಣ್ಣದಲ್ಲಿ ಬರೆದಿದ್ದ: 'ಅಂದು ಕುರೂಪ, ಇಂದು ಸುರೂಪ'.

"ಪಂಕಜಕ್ಕ, ಇದೊಂದು ಸಾಕು. ಜನ ಸಾಲು ನಿಲ್ತಾರೆ."

"ಮೂಸ, ಇದು ಆಲ್ಬಮಿಗೆ ಮಾತ್ರ ಅಂತ ಬರೆದದ್ದು ಅಲ್ವಾ?"

"ಅವರು ಇರುದು ಪಂಜದಲ್ಲಿ. ಅವರಿಗೆ ಹೇಗೆ ಗೊತ್ತಾಗ್ತದೆ?"

"ಗೊತ್ತಾಗುದಿಲ್ಲ ಅಂದರೆ ಒಪ್ಪಿದ ಹಾಗೆ ಆಯ್ತಾ? ಕೇಳಿ ಬರ್ತೇನೆ."

ಶುಕ್ರವಾರ ಬೆಳಿಗ್ಗೆ ಪಂಜಕ್ಕೆ ಹೋಗಲು ಕಾಣಿಯೂರು ದಾರಿಯ ಬಸ್ಸು ಹತ್ತಿದಳು. ಚೌಕಟ್ಟನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ನಿಲ್ಲಿಸಿ ಹಿಡಿದಿದ್ದಳು. ದುಗ್ಗಮ್ಮ ಒಪ್ಪದಿದ್ದರೆ ಮಳಿಗೆಯ ನಡುವಿನ ಗೋಡೆ ಖಾಲಿ. ಒಪ್ಪಿದರೆ? ಅದನ್ನು ನೆನೆದಾಗಲೆಲ್ಲ ಬಸ್ಸು ನಿಧಾನ ಹೋಗುತ್ತಿದೆ ಅನಿಸುತ್ತಿತ್ತು.

ದುಗ್ಗಮ್ಮ ಮಧ್ಯಾಹ್ನದ ಬಿಡುವಿನಲ್ಲಿ ಖಾಲಿ ತರಗತಿಗೆ ಕರೆದೊಯ್ದರು. ಪಂಕಜಾಕ್ಷಿ ಸೀರೆ ಬಿಚ್ಚಿ ಚಿತ್ರವನ್ನು ಮೇಜಿನ ಮೇಲೆ ನಿಲ್ಲಿಸಿದಳು.

"ಟೀಚರ್, ಇದನ್ನು ನಿಮ್ಮ ಹತ್ತಿರ ಕೇಳದೆ ದೊಡ್ಡದು ಮಾಡಿದ್ದೇ ತಪ್ಪು. ಎಲ್ಲಿಯೂ ಇಟ್ಟಿಲ್ಲ. ನಾಳೆ ಪ್ರದರ್ಶನದಲ್ಲಿ ಇಡ್ಬಹುದಾ ಅಂತ ಕೇಳಲಿಕ್ಕೆ ಬಂದದ್ದು. ಬೇಡ ಅಂದರೆ ಇಲ್ಲಿಯೇ ಬಿಟ್ಟು ಹೋಗ್ತೇನೆ."

"ಅಲ್ಲಿಗೆ ಗಂಡಸರು ಬರ್ತಾರಾ?"

"ಬರ್ತಾರೆ. ಪೇಪರಿನವರೂ ಬರಬಹುದು. ಅವರಿಗೆ ಫೋಟೊ ತೆಗೀಲಿಕ್ಕೆ ಬಿಡುದಿಲ್ಲ. ಆದರೆ ನಿಮ್ಮ ಗುರ್ತದವರು ನೋಡಿದರೆ ಅದನ್ನು ತಪ್ಪಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಅದು ಈಗಲೇ ಹೇಳ್ಬೇಕು."

ದುಗ್ಗಮ್ಮ ಎರಡೂ ಚಿತ್ರ ನೋಡಿದರು. ಆಮೇಲೆ ಅವರ ಬೆರಳು ಕೆಳಗಿನ ಬರಹದ ಮೇಲೆ ನಿಂತಿತು.

"ಕುರೂಪ ಅಂತ ಬರೆದದ್ದು ಯಾರು? ಇದು ನನ್ನ ಮುಖ. ದಿನಾ ಮಕ್ಕಳ ಎದುರು ನಿಲ್ಲುದು ಇದೇ ಮುಖ ಇಟ್ಟುಕೊಂಡು."

ಪಂಕಜಾಕ್ಷಿ ಆ ಬರಹವನ್ನು ಮತ್ತೊಮ್ಮೆ ಓದಿದಳು. ಪೇಟೆಯಿಂದ ಇಲ್ಲಿಯವರೆಗೆ ಹೊತ್ತು ತಂದರೂ ಆ ಮಾತು ತನಗೆ ಚುಚ್ಚಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಎಂತ ಬರೆಯಬೇಕೆಂದು ಕೇಳಿದಳು. ದುಗ್ಗಮ್ಮ ಬಿಳಿ ಕಾಗದ ತೆಗೆದು ಪಾಠದ ಅಕ್ಷರದಲ್ಲಿ ಬರೆದುಕೊಟ್ಟರು: 'ಬಣ್ಣ ಹಚ್ಚುವ ಮೊದಲು. ಹಚ್ಚಿದ ಮೇಲೆ. ತೊಳೆದರೆ ಹೋಗುತ್ತದೆ.'

"ಹೀಗೆ ಬರೆದರೆ ಇಡಿ. ಎರಡು ದಿನ ಮಾತ್ರ. ಹೆಸರು ಬೇಡ, ಊರು ಬೇಡ, ಪೇಪರು ಬೇಡ. ಮುಗಿದ ಮೇಲೆ ದೊಡ್ಡ ಚಿತ್ರವೂ ನೆಗೆಟಿವೂ ನನಗೆ ಬರ್ಬೇಕು."

ಪಂಕಜಾಕ್ಷಿ ಪುಸ್ತಕ ತೆಗೆದು ಅಷ್ಟನ್ನೂ ಬರೆದು, ಓದಿ ಹೇಳಿ, ದಿನಾಂಕ ಹಾಕಿದಳು. ದುಗ್ಗಮ್ಮ ರುಜು ಹಾಕಿದರು. ಶಾಲೆಯ ಗಂಟೆ ಹೊಡೆಯಿತು. ಹಿಂದಿರುಗುವ ಬಸ್ಸು ಹಿಡಿಯಲು ಪಂಕಜಾಕ್ಷಿ ಚೌಕಟ್ಟು ಹೊತ್ತು ಓಡಿಯೇ ಓಡಿದಳು.

ಶನಿವಾರ ಹತ್ತು ಗಂಟೆಗೆ ಬಾಗಿಲು ತೆರೆಯಿತು. ಹನ್ನೊಂದಕ್ಕೆ ಮಳಿಗೆಯ ಎದುರು ಕಾಲಿಡಲು ಜಾಗ ಇರಲಿಲ್ಲ. ಜನ ಮೊದಲು ಚಿತ್ರ ನೋಡುತ್ತಿದ್ದರು, ಆಮೇಲೆ ಕೆಳಗಿನ ಹೊಸ ಬರಹ ಓದಿ ಮತ್ತೊಮ್ಮೆ ಚಿತ್ರ ನೋಡುತ್ತಿದ್ದರು. "ತೊಳೆದರೆ ಹೋಗ್ತದೆ ಅಂತ ಇವಳೇ ಬರೆದಿದ್ದಾಳೆ, ಹಾಗಾದ್ರೆ ಉಳಿದದ್ದೂ ಸತ್ಯವೇ ಇರ್ಬೇಕು," ಎಂದು ಒಬ್ಬ ಅಜ್ಜಿ ಪಕ್ಕದವಳಿಗೆ ಹೇಳಿದ್ದು ಪಂಕಜಾಕ್ಷಿಯ ಕಿವಿಗೆ ಬಿತ್ತು. ಖುಷಿಗೆ ಅವಳ ಕಾಲು ನೆಲದಲ್ಲಿ ನಿಲ್ಲಲಿಲ್ಲ. ತೊನ್ನಿನ ಮಚ್ಚೆಗೆ ಆಗುತ್ತದಾ, ಬೆವರಿದರೆ ಹೋಗುತ್ತದಾ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿದವರಿಗೆಲ್ಲ ಉತ್ತರಿಸಿ ಅವಳ ಗಂಟಲು ಒಣಗಿತು.

ಮಧ್ಯಾಹ್ನ ಪೇಪರಿನವನೊಬ್ಬ ಕ್ಯಾಮರಾ ಎತ್ತಿದ. ಮೂಸಕುಂಞಿಯೇ ಹಾರಿ ಹೋಗಿ ತನ್ನ ತಲೆವಸ್ತ್ರವನ್ನು ಚೌಕಟ್ಟಿನ ಮೇಲೆ ಎಳೆದ.

"ಪೇಪರಲ್ಲಿ ಬಂದರೆ ನಿಮಗೇ ಒಳ್ಳೆದು ಮಾರಾಯ್ರೆ," ಎಂದ ಅವನು.

"ನಮಗೆ ಒಳ್ಳೆದೇ. ಆದರೆ ಈ ಚಿತ್ರದವರು ಬೇಡ ಅಂದಿದ್ದಾರೆ. ಆಚೆ ಬದಿಯ ಮದುವೆ ಹೆಣ್ಣು ಪೇಪರಿಗೂ ಒಪ್ಪಿದ್ದಾರೆ, ಅದನ್ನು ತೆಗೀರಿ," ಎಂದಳು ಪಂಕಜಾಕ್ಷಿ.

ಸೋಮವಾರ ಅವಳೇ ಪಂಜಕ್ಕೆ ಹೋಗಿ ಚೌಕಟ್ಟನ್ನೂ ನೆಗೆಟಿವನ್ನೂ ದುಗ್ಗಮ್ಮನ ಕೈಗೆ ಕೊಟ್ಟು, ಪುಸ್ತಕದಲ್ಲಿ ಮುಟ್ಟಿತೆಂದು ಬರೆಸಿಕೊಂಡು ಬಂದಳು. ಮಂಗಳವಾರ ಅಂಗಡಿ ತೆರೆಯಲು ಬಂದಾಗ ಮೆಟ್ಟಿಲುಗಳ ಮೇಲೆ ಕೆಳಗಿನಿಂದ ಮೇಲಿನವರೆಗೆ ಹೆಂಗಸರು ಕೂತಿದ್ದರು. ಎಲ್ಲರಿಗಿಂತ ಮುಂದೆ ಕಡಬದಿಂದ ಮೊದಲ ಬಸ್ಸಿಗೆ ಬಂದ ಸುಂದರಿ ಎಂಬವಳು. ಸೆರಗು ಸರಿಸಿ, ಮೊಣಕೈವರೆಗಿನ ಬಿಳಿ ಮಚ್ಚೆ ತೋರಿಸಿದಳು.

"ಕೆಲಸ ಮಾಡಿ ಅಕ್ಕ. ಫೋಟೊ ಮಾತ್ರ ಬೇಡ."

"ಆಯ್ತು, ಬೇಡ," ಎಂದು ಪಂಕಜಾಕ್ಷಿ ಬಾಗಿಲು ತೆರೆದು, ಕಿಟಕಿಯ ಪರದೆ ಸರಿಸಿ, ಅವಳನ್ನು ಬೆಳಕಿಗೆ ಕೂರಿಸಿದಳು.