ಮೂವತ್ತೈದು ನಿಮಿಷದ ಕಾರ್ಡು

ಕೂದಲಿಗೆ ಬಣ್ಣ ಹಚ್ಚುವವಳಿಗೆ ಕೈ ಎಷ್ಟು ಮುಖ್ಯವೋ ಕಾರ್ಡೂ ಅಷ್ಟೇ ಮುಖ್ಯ ಅಂತ ನಾನು ಶುರು ಮಾಡಿದರೆ ನಮ್ಮ ಪಾರ್ಲರಿನ ಹುಡುಗಿಯರು ಮುಸಿಮುಸಿ ನಗುತ್ತಾರೆ. ನಗಲಿ. ಅವರು ಬರೆಯುವ ಕಾರ್ಡು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ತಾರೀಖು, ಅದರ ಮುಂದೆ ‘ಹಿಂದಿನಂತೆ’. ಯಾವ ಹಿಂದಿನಂತೆ? ಹಚ್ಚಿದವಳು ಕೆಲಸ ಬಿಟ್ಟು ಹೋದ ಮೇಲೆ ನಾನು ಯಾರನ್ನು ಕೇಳಲಿ?

ನನ್ನ ಕಾರ್ಡುಗಳು ಹಾಗಲ್ಲ. ಪಟ್ಟಂದೂರು ಅಗ್ರಹಾರದ ಈ ಪಾರ್ಲರಿಗೆ ಬಂದಾಗಿನಿಂದ ಒಂದೊಂದು ತಲೆಗೂ ಒಂದೊಂದು ಕಾರ್ಡು ಇಟ್ಟಿದ್ದೇನೆ. ಬಿಳಿಕೂದಲು ಎಷ್ಟು, ಹುಟ್ಟುಬಣ್ಣ ಎಷ್ಟನೇ ನಂಬರಿನದು, ಯಾವ ಟ್ಯೂಬು ಎಷ್ಟು ಗ್ರಾಂ, ಬಣ್ಣ ಹಿಡಿಯಲು ಕಲಸುವ ಡೆವಲಪರ್ ಯಾವುದು, ಎಲ್ಲಿಂದ ಹಚ್ಚಲು ಶುರು ಮಾಡಿದೆ, ಎಷ್ಟು ನಿಮಿಷ ಬಿಟ್ಟೆ, ತೊಳೆದ ಮೇಲೆ ಹೇಗೆ ಬಂತು. ಮುಂದಿನ ಸಲ ಅದೇ ಬಣ್ಣ ಬರಬೇಕಾದರೆ ಇಷ್ಟೂ ಬೇಕು.

ಅಮ್ಮನ ಕಾರ್ಡು ನನಗೆ ಬಾಯಿಪಾಠವಾಗಿತ್ತು. ಅಮ್ಮ ಅಂದರೆ ನಮ್ಮ ಹಿಂದಿನ ಬೀದಿಯವರು, ಈ ಊರಿನ ಹಳೇ ಮನೆತನದ ಹೆಂಗಸು. ಐದು ವರ್ಷದ ಹಿಂದೆ ಅವರನ್ನು ಮೊದಲ ಸಲ ಕೈ ಹಿಡಿದು ಕರೆತಂದವಳು ಕಿರಿಸೊಸೆ. ಕಾರ್ಡಿನ ಮೇಲಿರುವ ಫೋನ್ ನಂಬರೂ ಆ ಸೊಸೆಯದೇ. ಹುಟ್ಟುಬಣ್ಣ ಮೂರು, ಅಂದರೆ ಕಪ್ಪಿಗೆ ಹತ್ತಿರದ ಕಂದು. ಮುಕ್ಕಾಲು ಪಾಲು ಬಿಳಿ, ಹಣೆಯ ಅಂಚಿನಲ್ಲಿ ಇನ್ನೂ ಜಾಸ್ತಿ. ನಾಲ್ಕನೇ ನಂಬರಿನ ಟ್ಯೂಬು ಮೂವತ್ತು ಗ್ರಾಂ, ಹೊಂಬಣ್ಣ ಬೆರೆತ ಐದು ಪಾಯಿಂಟ್ ಮೂರು ಹದಿನೈದು ಗ್ರಾಂ, ಇಪ್ಪತ್ತು ವಾಲ್ಯೂಮಿನ ಡೆವಲಪರ್ ನಲವತ್ತೈದು ಗ್ರಾಂ. ಹಣೆಯ ಅಂಚು ಮೊದಲು, ಯಾಕೆಂದರೆ ಅಲ್ಲಿನ ಬಿಳಿ ಹಟಮಾರಿ. ಬುಡಕ್ಕೆ ಮಾತ್ರ. ಮೂವತ್ತೈದು ನಿಮಿಷ. ಐದು ವಾರಕ್ಕೊಮ್ಮೆ.

ಕಳೆದ ವರ್ಷ ಒಂದು ದಿನ ಬಂದು ಕುರ್ಚಿಯಲ್ಲಿ ಕೂತು, “ಬಣ್ಣ ಆಕ್ಬುಡವ್ವ, ಬುಡ ಎಲ್ಲಾ ಬೆಳ್ಗಾಗೈತೆ” ಅಂದರು. ಬೈತಲೆ ತೆಗೆದು ನೋಡಿದೆ. ಒಂದು ಬಿಳಿ ಎಳೆಯೂ ಇಲ್ಲ. ಕಾರ್ಡು ತೆಗೆದೆ. ಅವರು ಬಂದು ಹೋಗಿ ಎಂಟು ದಿನವಾಗಿತ್ತು, ಅಷ್ಟೇ.

“ಹೋದ ವಾರ ಹಾಕಿದ್ನಲ್ಲ ಅಮ್ಮ” ಅಂದೆ.

“ಯಾರ್ಗೆ ಏಳ್ತೀಯ? ನಾನ್ ಬಂದು ತಿಂಗ್ಳಾಯ್ತು.” ಕನ್ನಡಿಯಲ್ಲಿ ಅವರ ಮುಖ ಗಂಟಾಯಿತು. ಕಾರ್ಡು ತೋರಿಸಿ ಜಗಳವಾಡುವವಳು ನಾನು. ಆದರೆ ಆ ಕಣ್ಣಿನಲ್ಲಿ ಹೆದರಿಕೆ ಕಂಡಿತು, ಸುಮ್ಮನಾದೆ. ಬಟ್ಟಲಿನಲ್ಲಿ ಬರೀ ಕಂಡೀಷನರ್ ಕಲಸಿ ಬ್ರಶ್ಶಿನಲ್ಲಿ ಹಚ್ಚಿ ತೊಳೆದೆ. ಖುಷಿಯಿಂದ ಹೋದರು.

ಆಮೇಲೆ ಅದು ಮತ್ತೆ ಮತ್ತೆ ಆಯಿತು. ನನ್ನ ರಜೆಯ ದಿನ ಬಂದರೆ ಈ ಹುಡುಗಿಯರು ಬಣ್ಣದ ಮೇಲೆ ಬಣ್ಣ ಹಚ್ಚಿ ನೆತ್ತಿ ಸುಟ್ಟಾರು ಅಂತ ಕಾರ್ಡಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: ‘ನಾಲ್ಕು ವಾರದೊಳಗೆ ಬಂದರೆ ಬಣ್ಣ ಬೇಡ. ಕಂಡೀಷನರ್ ಸಾಕು. ಮರೆತು ಬರುತ್ತಾರೆ. ಅವರಿಗೆ ಹೇಳಬೇಡಿ.’ ಹಾಗೆ ಬಂದ ದಿನಗಳನ್ನೂ ಒಂದೊಂದಾಗಿ ಬರೆದೆ.

ಇಲ್ಲಿಯವರೆಗೆ ಕೇಳಿದವರು ನನ್ನನ್ನು ಒಳ್ಳೆಯವಳು ಅನ್ನುತ್ತಾರೆ. ಪೂರ್ತಿ ಕೇಳಿ. ಕುರ್ಚಿಯಲ್ಲಿ ಕೂತವರು ಏನು ಹೇಳಿದರೂ ಹೂಂಗುಟ್ಟುವುದು ನಮ್ಮ ಕೆಲಸದ ಚಾಳಿ. ಅಮ್ಮ ಬಂದಾಗಲೆಲ್ಲ ಹೇಳುತ್ತಿದ್ದದ್ದು ಒಂದೇ: ಕಿರಿಸೊಸೆ ಊಟ ಹಾಕುವುದಿಲ್ಲ. “ಒಟ್ಟೆ ಅಸೀತೈತೆ ಅಂದ್ರೆ, ಈಗ್ತಾನೆ ಉಂಡ್ರಲ್ಲ ಅತ್ತೆ ಅಂತಾಳೆ. ಮಕದ ಮೇಲೇ ಸುಳ್ಳು.” ನೆಂಟರಿಗೆ, ಬೀದಿಯವರಿಗೆಲ್ಲ ಇದನ್ನೇ ಹೇಳಿಕೊಂಡು ಬಂದಿದ್ದರು. ನಾನು, “ಹೌದಮ್ಮ, ಈಗಿನವರೇ ಹಾಗೆ” ಅನ್ನುತ್ತಿದ್ದೆ. ‘ಮರೆತು ಬರುತ್ತಾರೆ’ ಅಂತ ನಾನೇ ಬರೆದ ಕಾರ್ಡು ಕೈಯಲ್ಲಿ ಹಿಡಿದುಕೊಂಡೇ ಅನ್ನುತ್ತಿದ್ದೆ. ಬೀದಿಯವರ ಮಾತು ತಡೆಯಲಾರದೆ ಆ ಹುಡುಗಿ ಗಂಡನನ್ನು ಕರೆದುಕೊಂಡು ಬೆಳ್ಳಂದೂರಿನ ಕಡೆ ಬಾಡಿಗೆ ಮನೆಗೆ ಹೋದಳು. “ಪಾರ್ಲರವ್ಳೂ ನನ್ ಮಾತೇ ನಿಜ ಅಂದ್ಳು” ಅಂತ ಅಮ್ಮ ಮನೆಯಲ್ಲಿ ಹೇಳಿದ್ದರಂತೆ. ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಆದರೂ ಮುಂದಿನ ಸಲ ಬಾಯಿ ಬಿಟ್ಟೆನೇ? ಇಲ್ಲ.

ಮೊನ್ನೆ ಯುಗಾದಿಗೆ ಮುಂಚೆ ಅಮ್ಮ ಸರಿಯಾಗಿ ಐದು ವಾರಕ್ಕೆ ಬಂದರು. ಬುಡ ನಿಜಕ್ಕೂ ಬೆಳ್ಳಗಾಗಿತ್ತು. ಬಣ್ಣ ಕಲಸಿ, ಹಣೆಯ ಅಂಚಿನಿಂದ ಶುರು ಮಾಡಿ, ತಲೆಯೆಲ್ಲ ಮುಗಿಸಿ ಗಡಿಯಾರ ನೋಡಿದೆ. ಹಿಂದೆ ತಿರುಗಿ ಬಟ್ಟಲು ಇಡುವಷ್ಟರಲ್ಲಿ ಟ್ರಾಲಿಯ ಮೇಲಿದ್ದ ಕಾರ್ಡು ಅವರ ಕೈಯಲ್ಲಿತ್ತು. ಕಣ್ಣಿಗೆ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತಾ, ಕೆಂಪು ಅಕ್ಷರ ಓದುತ್ತಿದ್ದರು.

ಕೊನೆಯ ತಾರೀಖಿನವರೆಗೂ ಓದಿ ಕೇಳಿದರು, “ಇವೆಲ್ಲಾ ನಾನ್ ಬಂದಿದ್ ದಿನಾನಾ?”

“ಹೌದಮ್ಮ.”

“ನಂಗೆ ಒಂದೂ ಗ್ಯಾಪ್ಕ ಇಲ್ವಲ್ಲವ್ವ.” ಕಾರ್ಡನ್ನು ಮಡಿಲಲ್ಲಿಟ್ಟುಕೊಂಡರು. “ಅಂಗಾದ್ರೆ ಅವ್ಳು ಊಟ ಇಕ್ಕಿದ್ಲು.”

ನಾನು ತಲೆ ತಗ್ಗಿಸಿದೆ.

“ನಿಂಗ್ ಗೊತ್ತಿತ್ತಾ?”

“ಗೊತ್ತಿತ್ತು ಅಮ್ಮ. ತಪ್ಪಾಯ್ತು.”

ಬೈಯಲಿ ಅಂತ ಕಾದೆ. ಬೈಯಲಿಲ್ಲ. ಕಾರ್ಡಿನ ಮೇಲಿದ್ದ ನಂಬರಿನ ಮೇಲೆ ಬೆರಳಿಟ್ಟು, “ಪೋನ್ ಆಕ್ಕೊಡು. ಅವ್ಳತ್ರ ಮಾತಾಡ್ಬೇಕು. ನಾನೇ ಸುಳ್ಳಿ ಅಂತ ಏಳ್ಬುಡ್ತೀನಿ” ಅಂದರು. ಕಣ್ಣಲ್ಲಿ ನೀರಿತ್ತು.

ಅವರ ಕಿವಿಯ ಸುತ್ತ ಹಸಿ ಬಣ್ಣ. ನನ್ನ ಗ್ಲೌಸಿನಲ್ಲೂ ಬಣ್ಣ. “ತೊಳೆದ ತಕ್ಷಣ ಹಾಕ್ಕೊಡ್ತೀನಿ ಅಮ್ಮ, ಫೋನಿಗೆಲ್ಲಾ ಮೆತ್ಕೊಳುತ್ತೆ” ಅಂದೆ. ಅವರು ಪಾಪ, ತಲೆಯಾಡಿಸಿದರು. ಕಾರ್ಡನ್ನು ಈಸಿಕೊಂಡು ಪಕ್ಕಕ್ಕಿಟ್ಟು ಗ್ಲೌಸು ಬಿಚ್ಚಿದೆ. ಆಗಲಾದರೂ ಸ್ಪೀಕರ್ ಹಾಕಿ ಕೊಡಬಹುದಿತ್ತು. ಅಷ್ಟರಲ್ಲಿ ಇನ್ನೊಂದು ಕುರ್ಚಿಯವರು ಕರೆದರು, ಹೋದೆ. ಕಾರ್ಡಿನ ಪ್ರಕಾರ ಮೂವತ್ತೈದು ನಿಮಿಷವಿತ್ತಲ್ಲ.

ತೊಳೆದು, ತಲೆಗೆ ಟವೆಲ್ ಸುತ್ತಿ, ನಂಬರ್ ಒತ್ತಿ ಫೋನನ್ನು ಅವರ ಕೈಗೆ ಕೊಡಹೋದೆ.

“ಯಾರ್ಗೆ?”

“ನಿಮ್ಮ ಕಿರಿಸೊಸೆಗೆ ಅಮ್ಮ. ಮಾತಾಡ್ಬೇಕು ಅಂದ್ರಲ್ಲ.”

ಫೋನನ್ನು ಮುಟ್ಟಲೂ ಇಲ್ಲ. “ಅವ್ಳತ್ರ ನಂಗೇನ್ ಮಾತು? ಅನ್ನ ಇಕ್ದೆ ಸಾಯಿಸ್ತಿದ್ಲು ನನ್ನ” ಅಂದರು. ಕಾರ್ಡು ತೋರಿಸಿದೆ. ಕೆಂಪು ಅಕ್ಷರ ನೋಡಿ, “ಇದ್ನ ನೀನೇ ಬರ್ಕೊಂಡಿದೀಯ. ಅವ್ಳು ಏಳ್ಕೊಟ್ಟಿರ್ಬೇಕು” ಅಂದು ಎದ್ದರು. ಒದ್ದೆ ತಲೆಯಲ್ಲೇ ಮನೆಗೆ ಹೋದರು. ಆಮೇಲೆ ನಮ್ಮ ಪಾರ್ಲರಿಗೆ ಬರಲಿಲ್ಲ.

ಅವತ್ತು ಅವರು ಎದ್ದು ಹೋದಾಗ ಫೋನು ಇನ್ನೂ ನನ್ನ ಕೈಯಲ್ಲಿತ್ತು. ಆ ಕಡೆಯಿಂದ ಸೊಸೆ “ಹಲೋ, ಹಲೋ” ಅನ್ನುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ, ನಾನು ಹೂಂಗುಟ್ಟಿದ್ದನ್ನೂ ಸೇರಿಸಿ.

“ಅವ್ರಿಗೆ ಮರೆವು ಅಂತ ನಮಗೂ ಗೊತ್ತಕ್ಕ” ಅಂದಳು. ಆಮೇಲೆ, “ಊಟ ಇಕ್ಕಿದ್ಲು ಅಂತ ಅತ್ತೆ ಅವರ ಬಾಯಿಂದಾನೇ ಅಂದ್ರಾ?” ಅಂತ ಕೇಳಿದಳು.

“ಅಂದ್ರು ಕಣಮ್ಮ.”

“ಆಗ್ಲೇ ಫೋನ್ ಕೊಡ್ಬೇಕಿತ್ತಕ್ಕ” ಅಂದಳು.